ಸ್ಪ್ಯಾನಿಷ್‌ನ ‘ಸೆ’: ಮಲಗುವುದು ಬೇರೆ, ಮಲಗಿಸುವುದು ಬೇರೆ

‘ನಾನು ಹತ್ತು ಗಂಟೆಗೆ ಮಲಗುತ್ತೇನೆ’ ಎಂಬುದನ್ನು ಸ್ಪ್ಯಾನಿಷ್‌ನಲ್ಲಿ ಹೇಳಬೇಕು ಅಂದುಕೊಳ್ಳಿ. ಮಲಗುವುದಕ್ಕೆ ‘ಅಕೊಸ್ತಾರ್’ ಎಂಬ ಕ್ರಿಯಾಪದ ಇದೆ, ಹತ್ತು ಗಂಟೆಗೆ ಅನ್ನಲು ‘ಆ ಲಾಸ್ ದ್ಯೇಸ್’ ಇದೆ. ಎರಡನ್ನೂ ಜೋಡಿಸಿ ‘ಅಕ್ವೇಸ್ತೊ ಆ ಲಾಸ್ ದ್ಯೇಸ್’ ಎಂದರೆ ಆಯಿತು ಅನ್ನಿಸುತ್ತದೆ. ಆದರೆ ಕೇಳಿದವರು ಒಂದು ಕ್ಷಣ ‘ಯಾರನ್ನು?’ ಎಂದು ಯೋಚಿಸುತ್ತಾರೆ. ಯಾಕೆಂದರೆ ನೀವು ಹೇಳಿದ್ದು ‘ಮಲಗಿಸುತ್ತೇನೆ’ ಎಂದು. ಅದೇ ಪದಗಳನ್ನು ‘ಆ ಹತ್ತು ಹುಡುಗಿಯರನ್ನು ಮಲಗಿಸುತ್ತೇನೆ’ ಎಂದೂ ಅರ್ಥ ಮಾಡಿಕೊಳ್ಳಬಹುದು, ವ್ಯಾಕರಣ ಅದಕ್ಕೆ ಅಡ್ಡ ಬರುವುದಿಲ್ಲ. ಸರಿಯಾದ ಮಾತು ‘ಮೆ ಅಕ್ವೇಸ್ತೊ ಆ ಲಾಸ್ ದ್ಯೇಸ್’. ಮೊದಲಿಗೆ ಬಂದ ಆ ಚಿಕ್ಕ ‘ಮೆ’ ಇಲ್ಲದೆ ಮಲಗುವ ಕೆಲಸವೇ ಆಗುವುದಿಲ್ಲ.

(ಇಲ್ಲಿ ಸ್ಪ್ಯಾನಿಷ್ ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುವಾಗ, ಎಲ್ಲಿ ಒತ್ತಿ ಹೇಳಬೇಕೋ ಅಲ್ಲಿ ಸಾಮಾನ್ಯವಾಗಿ ದೀರ್ಘ ಹಾಕಿದ್ದೇನೆ. ‘ಅಕ್ವೇಸ್ತೊ’ದ ‘ಕ್ವೇ’ ಬಿಟ್ಟರೆ, ‘ವ’ ಎಂದು ಬರೆದಿರುವುದು ಬಾಯಲ್ಲಿ ‘ಬ’ಕ್ಕೆ ಹತ್ತಿರ ಕೇಳಿಸುತ್ತದೆ.)

ಈ ತಪ್ಪು ಕನ್ನಡಿಗರಿಗೆ ಯಾಕೆ ಸಹಜ ಎಂದು ನೋಡಿದರೆ ವಿಷಯ ಅರ್ಧ ಬಿಡಿಸಿದಂತೆ. ನಮ್ಮಲ್ಲಿ ಮೂಲ ಕ್ರಿಯಾಪದ ‘ಮಲಗು’. ಅದು ತಾನೇ ಮಾಡುವ ಕೆಲಸ. ಬೇರೆಯವರಿಗೆ ಮಾಡಬೇಕಾದರೆ ‘-ಇಸು’ ಸೇರಿಸಿ ‘ಮಲಗಿಸು’ ಅನ್ನುತ್ತೇವೆ. ಕೂರು, ಕೂರಿಸು. ಏಳು, ಎಬ್ಬಿಸು. ತೊಡು, ತೊಡಿಸು. ಸ್ನಾನ ಮಾಡು, ಸ್ನಾನ ಮಾಡಿಸು. ಚಿಕ್ಕ ಪದ ನಮಗೆ, ಉದ್ದದ ಪದ ಇನ್ನೊಬ್ಬರಿಗೆ.

ಸ್ಪ್ಯಾನಿಷ್ ಹೊರಡುವುದು ಆ ತುದಿಯಿಂದ. ಅಲ್ಲಿ ಬರಿಯ ಕ್ರಿಯಾಪದ ಅಂದರೆ ಇನ್ನೊಬ್ಬರಿಗೆ ಮಾಡುವ ಕೆಲಸ. ‘ಅಕೊಸ್ತಾರ್’ ಎಂದರೆ ಮಲಗಿಸುವುದು, ‘ಸೆಂತಾರ್’ ಎಂದರೆ ಕೂರಿಸುವುದು, ‘ದೆಸ್ಪೆರ್ತಾರ್’ ಎಂದರೆ ಎಬ್ಬಿಸುವುದು, ‘ಬನ್ಯಾರ್’ ಎಂದರೆ ಸ್ನಾನ ಮಾಡಿಸುವುದು, ‘ವೆಸ್ತೀರ್’ ಎಂದರೆ ಬಟ್ಟೆ ತೊಡಿಸುವುದು. ತನಗೆ ತಾನೇ ಮಾಡಿಕೊಳ್ಳುವ ಕೆಲಸವಾದರೆ ಒಂದು ಸರ್ವನಾಮ ಸೇರಿಸಬೇಕು. ನಿಘಂಟಿನಲ್ಲಿ ಅದನ್ನು ‘ಸೆ’ ಅಂಟಿಸಿ ತೋರಿಸುತ್ತಾರೆ: ಅಕೊಸ್ತಾರ್ಸೆ, ಸೆಂತಾರ್ಸೆ, ಬನ್ಯಾರ್ಸೆ. ಇವೇ ರಿಫ್ಲೆಕ್ಸಿವ್ ಕ್ರಿಯಾಪದಗಳು. ಕನ್ನಡದಲ್ಲಿ ಬೇರೆಯವರ ಕಡೆಗೆ ಹೋಗುವಾಗ ಏನಾದರೂ ಸೇರಿಸುತ್ತೇವೆ, ಸ್ಪ್ಯಾನಿಷ್‌ನಲ್ಲಿ ತನ್ನ ಕಡೆಗೆ ತಿರುಗುವಾಗ ಸೇರಿಸುತ್ತಾರೆ.

ಹಾಗಂತ ನಮಗೆ ಈ ಯೋಚನೆಯೇ ಹೊಸದಲ್ಲ. ‘ತೊಳೆ’ ಮತ್ತು ‘ತೊಳೆದುಕೊ’ ಇದೆಯಲ್ಲ, ಅದು ಸ್ಪ್ಯಾನಿಷ್‌ನ ‘ಲವಾರ್’ ಮತ್ತು ‘ಲವಾರ್ಸೆ’ಗೆ ಸರಿಯಾಗಿ ಕೂರುತ್ತದೆ. ಕಾರು ತೊಳೆಯುತ್ತೇನೆ: ‘ಲಾವೊ ಎಲ್ ಕೋಚೆ’. ನನ್ನನ್ನೇ ತೊಳೆದುಕೊಳ್ಳುತ್ತೇನೆ: ‘ಮೆ ಲಾವೊ’. ಬಾಚು, ಬಾಚಿಕೊ ಕೂಡ ಹಾಗೇ. ಆದರೆ ನಮ್ಮ ‘ಕೊಳ್ಳು’ ತುಂಬ ಕಡೆ ಓಡಾಡುತ್ತದೆ. ತೆಗೆದುಕೊ, ಕೇಳಿಕೊ, ಬರೆದುಕೊ ಅನ್ನುವಲ್ಲೆಲ್ಲ ಸ್ಪ್ಯಾನಿಷ್‌ನಲ್ಲಿ ‘ಸೆ’ ಬರುವುದಿಲ್ಲ. ಕೇಳಿಕೊಳ್ಳುವುದಕ್ಕೆ ಸುಮ್ನೆ ‘ಪೆದೀರ್’ ಸಾಕು. ಮಲಗು, ಏಳು ಅನ್ನುವಲ್ಲಿ ನಮಗೆ ‘ಕೊಳ್ಳು’ ಬೇಕಿಲ್ಲ, ಅವರಿಗೆ ‘ಸೆ’ ಬೇಕೇ ಬೇಕು. ಹಾಗಾಗಿ ‘ಕೊಳ್ಳು’ ಹುಡುಕಿಕೊಂಡು ಹೋಗುವುದಕ್ಕಿಂತ ‘ಇದಕ್ಕೆ -ಇಸು ರೂಪ ಇದೆಯಾ?’ ಎಂದು ಕೇಳುವುದು ಒಳ್ಳೆಯದು. ಸ್ಪ್ಯಾನಿಷ್‌ನ ಬರಿಯ ಕ್ರಿಯಾಪದಕ್ಕೆ ಕನ್ನಡದಲ್ಲಿ ‘-ಇಸು’ ಅರ್ಥ ಬರುತ್ತಿದ್ದರೆ, ತಾನೇ ಮಾಡುವುದಕ್ಕೆ ಸರ್ವನಾಮ ಬೇಕು ಎಂದು ತಿಳಿಯಿರಿ. ದಿನನಿತ್ಯದ ಮೈಕೆಲಸದ ಪದಗಳಲ್ಲಿ ಈ ಗುರುತು ಚೆನ್ನಾಗಿ ಕೈ ಹಿಡಿಯುತ್ತದೆ.

ಆ ಸರ್ವನಾಮ ಯಾವಾಗಲೂ ‘ಸೆ’ ಅಲ್ಲ. ಕೆಲಸ ಮಾಡುವವರು ಯಾರು ಎಂಬುದರ ಮೇಲೆ ಬದಲಾಗುತ್ತದೆ. ನಾನು ಆದರೆ ‘ಮೆ’, ನೀನು ಆದರೆ ‘ತೆ’, ನಾವು ಆದರೆ ‘ನೊಸ್’. ಅವನು, ಅವಳು, ಅವರು ಎಲ್ಲರಿಗೂ ‘ಸೆ’. ಸ್ಪೇನ್‌ನಲ್ಲಿ ಸಲುಗೆಯ ಬಹುವಚನ ‘ವೊಸೋತ್ರೊಸ್’ ಇದ್ದರೆ ‘ಒಸ್’. ಗೌರವದ ‘ನೀವು’, ಅಂದರೆ ‘ಉಸ್ತೇದ್’, ಕೂಡ ‘ಸೆ’ಯನ್ನೇ ತೆಗೆದುಕೊಳ್ಳುತ್ತದೆ. ಎದುರಿಗೆ ಕೂತವರ ಜೊತೆ ಮಾತಾಡುತ್ತಿದ್ದರೂ ವ್ಯಾಕರಣ ಅವರನ್ನು ಮೂರನೆಯವರಂತೆ ನೋಡುತ್ತದೆ.

ಈಗ ಒಂದು ಮನೆಯ ಬೆಳಗನ್ನು ನೋಡೋಣ. ತಾಯಿ ಆನಾ, ಅವಳ ಪುಟ್ಟ ಮಗ. ‘ಆನಾ ಸೆ ದೆಸ್ಪ್ಯೇರ್ತ ಆ ಲಾಸ್ ಸೇಯ್ಸ್’: ಆನಾ ಆರಕ್ಕೆ ಏಳುತ್ತಾಳೆ. ‘ದೆಸ್ಪ್ಯೇರ್ತ ಆ ಸು ಈಹೊ ಆ ಲಾಸ್ ಸ್ಯೇತೆ’: ಏಳಕ್ಕೆ ಮಗನನ್ನು ಎಬ್ಬಿಸುತ್ತಾಳೆ. ಎರಡರಲ್ಲೂ ಕ್ರಿಯಾಪದ ಒಂದೇ. ಮೊದಲಿನದರಲ್ಲಿ ‘ಸೆ’ ಇದೆ, ಎರಡನೆಯದರಲ್ಲಿ ಅದರ ಬದಲು ‘ಆ ಸು ಈಹೊ’, ಅಂದರೆ ‘ಅವಳ ಮಗನನ್ನು’ ಎಂಬುದಿದೆ. ಈ ‘ಆ’ ನಮ್ಮ ‘ಅನ್ನು’ವಿನಂತೆ. ಕೆಲಸ ತಾಗುವುದು ಒಬ್ಬ ವ್ಯಕ್ತಿಗೆ ಎಂದಾದಾಗ ಅದನ್ನು ಹಾಕುತ್ತಾರೆ, ಕಾರಿಗೆ ಹಾಕುವುದಿಲ್ಲ.

ಮುಂದಕ್ಕೆ ಮಗನ ಹೆಸರನ್ನು ಪದೇ ಪದೇ ಹೇಳಬೇಕಿಲ್ಲ. ‘ಲೊ ಬಾನ್ಯ’ ಎಂದರೆ ಅವನಿಗೆ ಸ್ನಾನ ಮಾಡಿಸುತ್ತಾಳೆ. ‘ಸೆ ಬಾನ್ಯ’ ಎಂದರೆ ತಾನು ಸ್ನಾನ ಮಾಡುತ್ತಾಳೆ. ‘ಲೊ ವೀಸ್ತೆ’, ಅವನಿಗೆ ಬಟ್ಟೆ ಹಾಕುತ್ತಾಳೆ. ‘ಸೆ ವೀಸ್ತೆ’, ತಾನು ಬಟ್ಟೆ ಹಾಕಿಕೊಳ್ಳುತ್ತಾಳೆ. ‘ಲೊ’ ಇದ್ದ ಜಾಗಕ್ಕೆ ‘ಸೆ’ ಬಂತು, ಅಷ್ಟೇ. ಮಗಳಾಗಿದ್ದರೆ ‘ಲೊ’ ಬದಲು ‘ಲಾ’. ‘ಅವಳು ಅವಳನ್ನು ನೋಡಿದಳು’ ಎಂದರೆ ಇಬ್ಬರು ಹೆಂಗಸರು, ‘ಅವಳು ತನ್ನನ್ನು ನೋಡಿಕೊಂಡಳು’ ಎಂದರೆ ಒಬ್ಬಳೇ ಎಂದು ನಮಗೆ ಗೊತ್ತಾಗುತ್ತದೆ ಅಲ್ವಾ? ‘ಲಾ’ ಮತ್ತು ‘ಸೆ’ ನಡುವೆ ಇರುವುದು ಅದೇ ವ್ಯತ್ಯಾಸ. ‘ಲಾ ಮೀರ’, ಇನ್ನೊಬ್ಬಳನ್ನು ನೋಡುತ್ತಾಳೆ. ‘ಸೆ ಮೀರ’, ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಾಳೆ.

ಬಹುವಚನಕ್ಕೆ ಬಂದರೆ ಒಂದು ತೊಡಕಿದೆ. ‘ಸೆ ಮೀರನ್’ ಎಂದರೆ ‘ತಮ್ಮನ್ನು ತಾವು ನೋಡಿಕೊಳ್ಳುತ್ತಾರೆ’ ಎಂದೂ ಆಗಬಹುದು, ‘ಒಬ್ಬರನ್ನೊಬ್ಬರು ನೋಡುತ್ತಾರೆ’ ಎಂದೂ ಆಗಬಹುದು. ಸಂದರ್ಭ ಸಾಲದಿದ್ದರೆ ಮೊದಲನೆಯದಕ್ಕೆ ‘ಆ ಸೀ ಮೀಸ್ಮೊಸ್’, ಎರಡನೆಯದಕ್ಕೆ ‘ಎಲ್ ಊನೊ ಅಲ್ ಓತ್ರೊ’ ಎಂದು ಸೇರಿಸಿ ಬಿಡಿಸಿ ಹೇಳುತ್ತಾರೆ.

ಕೈ ತೊಳೆಯುವ ಮಾತು ಬೇರೆ ಥರ. ‘ಮೆ ಲಾವೊ ಲಾಸ್ ಮಾನೊಸ್’ ಎಂದರೆ ಕೈ ತೊಳೆದುಕೊಳ್ಳುತ್ತೇನೆ. ಇದರಲ್ಲಿ ‘ನನ್ನ’ ಎಂಬ ಪದವೇ ಇಲ್ಲ. ‘ಮಿಸ್ ಮಾನೊಸ್’, ಅಂದರೆ ‘ನನ್ನ ಕೈಗಳು’, ಎಂದು ಹಾಕಿದರೆ ಸ್ಪ್ಯಾನಿಷ್ ಕಿವಿಗೆ ಒರಟಾಗಿ ಕೇಳುತ್ತದೆ. ಯಾರ ಕೈ ಎಂದು ‘ಮೆ’ ಆಗಲೇ ಹೇಳಿಬಿಟ್ಟಿದೆ. ಇಂಗ್ಲಿಷಿನಿಂದ ಸ್ಪ್ಯಾನಿಷ್‌ಗೆ ಬರುವವರು ಇಲ್ಲಿ ಎಡವುತ್ತಾರೆ, ಕನ್ನಡದಿಂದ ಬಂದರೆ ಎಡವಬೇಕಾದ್ದೇ ಇಲ್ಲ. ‘ನಾನು ನನ್ನ ಕೈಯನ್ನು ತೊಳೆದುಕೊಂಡೆ’ ಎಂದು ನಾವೂ ಹೇಳುವುದಿಲ್ಲ, ‘ಕೈ ತೊಳೆದುಕೊಂಡೆ’ ಅಂದರೆ ಮುಗಿಯಿತು.

ಅದೇ ಕೈ ಮಗುವಿನದಾದರೆ? ಆಗ ‘ಲೊ’ ಅಲ್ಲ, ‘ಲೆ’ ಬರುತ್ತದೆ: ‘ಲೆ ಲಾವೊ ಲಾಸ್ ಮಾನೊಸ್’. ‘ಲೆ’ ಎಂದರೆ ‘ಅವನಿಗೆ’. ‘ಮಗುವಿಗೆ ಕೈ ತೊಳೆಸಿದೆ’ ಎಂದು ನಾವು ಹೇಳುವಾಗ ಬರುವ ‘-ಗೆ’ ಇದೇ. ಇಲ್ಲಿ ತೊಳೆಯುವುದು ಕೈಯನ್ನು, ಮಗುವನ್ನಲ್ಲ. ಆದ್ದರಿಂದ ‘ಅನ್ನು’ ಕೈಗೆ ಹೋಯಿತು, ಮಗುವಿಗೆ ‘-ಗೆ’ ಉಳಿಯಿತು. ಶೂ ಹಾಕುವುದೂ ಹೀಗೆಯೇ. ಆನಾ ಮಗನಿಗೆ ಶೂ ಹಾಕಿದರೆ ‘ಲೆ ಪೋನೆ ಲೊಸ್ ಸಪಾತೊಸ್’. ಮಗ ತಾನೇ ಹಾಕಿಕೊಂಡರೆ ‘ಸೆ ಪೋನೆ ಲೊಸ್ ಸಪಾತೊಸ್’. ‘ಮೆ, ತೆ, ನೊಸ್, ಒಸ್, ಸೆ’ಗಳಿಗೆ ಮಾತ್ರ ಈ ಎರಡು ರೂಪಗಳ ತಲೆನೋವಿಲ್ಲ. ‘ನನ್ನನ್ನು’, ‘ನನಗೆ’ ಎರಡಕ್ಕೂ ‘ಮೆ’ ಒಂದೇ.

ನಮ್ಮ ಲೆಕ್ಕ ತಪ್ಪುವ ಒಂದು ಜಾಗವೂ ಇಲ್ಲಿದೆ. ‘ಮೆ ಕೊರ್ತೇ ಎಲ್ ಪೇಲೊ’ ಎಂಬುದನ್ನು ಪದಕ್ಕೆ ಪದ ಇಟ್ಟು ನೋಡಿದರೆ ‘ಕೂದಲು ಕತ್ತರಿಸಿಕೊಂಡೆ’. ಆದರೆ ಸ್ಪ್ಯಾನಿಷ್ ಮಾತಾಡುವವರು ಸಲೂನಿಗೆ ಹೋಗಿ ಬಂದು ಹೇಳುವುದೂ ಇದನ್ನೇ. ಕತ್ತರಿ ಹಿಡಿದವರು ಬೇರೆ ಎಂದು ಎಲ್ಲರಿಗೂ ಗೊತ್ತು, ಅದನ್ನು ವಾಕ್ಯದಲ್ಲಿ ತೋರಿಸುವ ಅಗತ್ಯ ಅವರಿಗೆ ಕಾಣುವುದಿಲ್ಲ. ನಾವು ‘ಕಟಿಂಗ್ ಮಾಡಿಸಿಕೊಂಡೆ’ ಎಂದು ‘-ಇಸು’ ಮತ್ತು ‘ಕೊಳ್ಳು’ ಎರಡನ್ನೂ ಹಾಕಿ ಪೂರ್ತಿ ಲೆಕ್ಕ ಒಪ್ಪಿಸುತ್ತೇವೆ. ಮನೆಯಲ್ಲಿ ನಿಜಕ್ಕೂ ನಾನೇ ಕತ್ತರಿಸಿಕೊಂಡಿದ್ದರೆ ಅವರು ‘ಯೊ ಮೀಸ್ಮೊ’, ಅಂದರೆ ‘ನಾನೇ’, ಎಂದು ಸೇರಿಸಿ ಹೇಳಬೇಕಾಗುತ್ತದೆ. ಹೆಂಗಸಾದರೆ ‘ಯೊ ಮೀಸ್ಮ’. ಹಾಗಾಗಿ ‘ಸೆ’ ಕಂಡಲ್ಲೆಲ್ಲ ‘ಸ್ವಂತ ಕೈಯಿಂದ’ ಎಂದು ಓದಬಾರದು. ಕೆಲಸದ ಫಲ ತನ್ನ ಮೇಲೆ ಬಂತು ಎಂದಷ್ಟೇ ಅದು ಹೇಳುತ್ತದೆ.

ತನಗೆ ಮಾಡಿಕೊಳ್ಳುವ ಅರ್ಥವೇ ಇಲ್ಲದೆ ಈ ಸರ್ವನಾಮ ಬರುವ ಪದಗಳೂ ಇವೆ. ‘ಕೆಹಾರ್ಸೆ’, ದೂರು ಹೇಳುವುದು, ಯಾವತ್ತೂ ಸರ್ವನಾಮ ಬಿಟ್ಟು ಬರುವುದಿಲ್ಲ. ‘ದೊರ್ಮೀರ್’ ಎಂದರೆ ನಿದ್ದೆ ಮಾಡುವುದು, ‘ದೊರ್ಮೀರ್ಸೆ’ ಎಂದರೆ ನಿದ್ದೆ ಹತ್ತುವುದು. ‘ಈರ್’ ಎಂದರೆ ಹೋಗುವುದು, ‘ಈರ್ಸೆ’ ಎಂದರೆ ಹೊರಟುಹೋಗುವುದು. ಇವನ್ನು ಸೂತ್ರದಿಂದ ಹಿಡಿಯಲು ಆಗುವುದಿಲ್ಲ, ಒಂದೊಂದನ್ನೇ ಕಲಿಯಬೇಕು. ಆದರೆ ಸರ್ವನಾಮ ಎಲ್ಲಿ ನಿಲ್ಲಬೇಕು ಎಂಬ ನಿಯಮ ಇವಕ್ಕೂ ಅದೇ.

ಆ ನಿಯಮಕ್ಕೆ ಬರೋಣ. ಕನ್ನಡದ ‘ಕೊಳ್ಳು’ ಕ್ರಿಯಾಪದದ ಬಾಲಕ್ಕೆ ಅಂಟಿ ಅಲ್ಲೇ ಇರುತ್ತದೆ. ಸ್ಪ್ಯಾನಿಷ್‌ನ ಸರ್ವನಾಮ ಒಮ್ಮೆ ಕ್ರಿಯಾಪದದ ಮುಂಚೆ ಬಿಡಿಯಾಗಿ ನಿಲ್ಲುತ್ತದೆ, ಒಮ್ಮೆ ಹಿಂದೆ ಹೋಗಿ ಅಂಟಿಕೊಳ್ಳುತ್ತದೆ. ಆಜ್ಞೆಗಳನ್ನು ಬಿಟ್ಟರೆ, ಯಾವಾಗ ಎಲ್ಲಿ ಎಂದು ಹೇಳಲು ಹೆಚ್ಚಾಗಿ ಒಂದೇ ಪ್ರಶ್ನೆ ಸಾಕು: ಕ್ರಿಯಾಪದ ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂಬ ಪ್ರತ್ಯಯ ಹೊತ್ತಿದೆಯೋ ಇಲ್ಲವೋ?

ಹೊತ್ತಿದ್ದರೆ ಸರ್ವನಾಮ ಮುಂಚೆ, ಬಿಡಿಯಾಗಿ. ‘ಮೆ ಅಕ್ವೇಸ್ತೊ’, ಮಲಗುತ್ತೇನೆ. ‘ಮೆ ಅಕೊಸ್ತೇ’, ಮಲಗಿದೆ. ‘ನೊಸ್ ಅಕೊಸ್ತಾಮೊಸ್’, ಮಲಗುತ್ತೇವೆ. ‘ಇಲ್ಲ’ ಅನ್ನುವ ‘ನೊ’ ಎಲ್ಲಕ್ಕಿಂತ ಮೊದಲು ಬರುತ್ತದೆ: ‘ನೊ ಮೆ ಅಕ್ವೇಸ್ತೊ’. ಸರ್ವನಾಮಕ್ಕೂ ಕ್ರಿಯಾಪದಕ್ಕೂ ನಡುವೆ ‘ನೊ’ ತೂರುವಂತಿಲ್ಲ. ‘ಮೆ ನೊ ಅಕ್ವೇಸ್ತೊ’ ಎಂಬುದು ಯಾವ ಊರಲ್ಲೂ ಸರಿಯಲ್ಲ.

ಇನ್ನು ‘ಮಲಗಬೇಕು ಅಂತಿದ್ದೇನೆ’, ‘ಮಲಗಲು ಹೊರಟಿದ್ದೇನೆ’ ಎಂಬಂಥ ಎರಡು ಕ್ರಿಯಾಪದಗಳ ಮಾತು. ಇಲ್ಲಿ ಮೊದಲನೆಯದು ಪ್ರತ್ಯಯ ಹೊತ್ತಿದೆ, ಎರಡನೆಯದು ‘-ಆರ್’ನಲ್ಲಿ ಮುಗಿಯುವ ಮೂಲ ರೂಪದಲ್ಲೇ ಇದೆ. ಆಗ ಎರಡು ಜಾಗ ತೆರೆದಿರುತ್ತವೆ. ‘ಕ್ಯೇರೊ ಅಕೊಸ್ತಾರ್ಮೆ’ ಎನ್ನಬಹುದು, ಕೊನೆಗೆ ಅಂಟಿಸಿ. ‘ಮೆ ಕ್ಯೇರೊ ಅಕೊಸ್ತಾರ್’ ಎನ್ನಬಹುದು, ಇಡೀ ಜೋಡಿಯ ಮುಂಚೆ ಇಟ್ಟು. ಅರ್ಥದಲ್ಲಿ ವ್ಯತ್ಯಾಸವಿಲ್ಲ. ಮುಂಚೆ ಇಡುವುದು ಮಾತಿನಲ್ಲಿ ಜಾಸ್ತಿ ಕೇಳಿಸುತ್ತದೆ, ಅಂಟಿಸುವುದು ಬರಹದಲ್ಲಿ ಜಾಸ್ತಿ ಕಾಣಿಸುತ್ತದೆ. ತಪ್ಪಾಗುವುದು ನಡುವೆ ಬಿಡಿಯಾಗಿ ಇಟ್ಟಾಗ: ‘ಕ್ಯೇರೊ ಮೆ ಅಕೊಸ್ತಾರ್’ ಆಗದು. ‘ಎಸ್ತಾರ್’ ಜೊತೆ ಈಗ ನಡೆಯುತ್ತಿರುವುದನ್ನು ಹೇಳುವಾಗಲೂ ಹೀಗೆಯೇ. ‘ಮೆ ಎಸ್ತೋಯ್ ಲವಾಂದೊ’, ‘ಎಸ್ತೋಯ್ ಲವಾಂದೊಮೆ’ ಎರಡೂ ‘ತೊಳೆದುಕೊಳ್ಳುತ್ತಿದ್ದೇನೆ’.

ನನ್ನ ಸಲಹೆ ಕೇಳಿದರೆ, ಮೊದಮೊದಲು ಅಂಟಿಸುವುದನ್ನೇ ಅಭ್ಯಾಸ ಮಾಡಿ. ಎಲ್ಲ ಜೋಡಿಗಳಲ್ಲೂ ಸರ್ವನಾಮ ಮುಂದಕ್ಕೆ ಜಿಗಿಯುವುದಿಲ್ಲ. ‘ಐ ಕೆ ಲವಾರ್ಸೆ ಲಾಸ್ ಮಾನೊಸ್’, ಅಂದರೆ ‘ಕೈ ತೊಳೆದುಕೊಳ್ಳಬೇಕು’ ಎಂದು ಯಾರ ಹೆಸರೂ ಹಿಡಿಯದೆ ಹೇಳುವ ಮಾತಿನಲ್ಲಿ ‘ಸೆ’ ಹಿಂದೆಯೇ ಅಂಟಬೇಕು. ಮೂಲ ರೂಪಕ್ಕೆ ಅಂಟಿಸಿದರೆ ತಪ್ಪಾಗುವ ಸಂದರ್ಭ ಬಹಳ ಕಡಿಮೆ.

ಅಂಟಿಸುವಾಗ ಒಂದು ಎಚ್ಚರ ಬೇಕು. ನಿಘಂಟಿನಲ್ಲಿ ‘ಅಕೊಸ್ತಾರ್ಸೆ’ ಎಂದು ನೋಡಿ ನೋಡಿ ‘ಕ್ಯೇರೊ ಅಕೊಸ್ತಾರ್ಸೆ’ ಎಂದು ಬಾಯಿಗೆ ಬಂದುಬಿಡುತ್ತದೆ. ‘ಕ್ಯೇರೊ’ ಎಂದರೆ ನಾನು, ‘ಸೆ’ ಎಂದರೆ ಅವನೋ ಅವಳೋ. ಇಬ್ಬರೂ ಒಂದೇ ಆಗಿರಬೇಕು: ‘ಕ್ಯೇರೊ ಅಕೊಸ್ತಾರ್ಮೆ’, ‘ಕ್ಯೇರೆಸ್ ಅಕೊಸ್ತಾರ್ತೆ’, ‘ಕೆರೇಮೊಸ್ ಅಕೊಸ್ತಾರ್ನೊಸ್’. ಬಾಲ ಹಿಂದೆ ಅಂಟಿದ್ದರೂ ಅದು ತಲೆಯ ಮಾತು ಕೇಳಬೇಕು.

‘ಮಲಗಿದ್ದೇನೆ’, ‘ತೊಳೆದುಕೊಂಡಿದ್ದೇನೆ’ ಎಂಬ ರೂಪದಲ್ಲಿ ಮಾತ್ರ ಆಯ್ಕೆಯೇ ಇಲ್ಲ. ‘ಮೆ ಎ ಲವಾದೊ’ ಒಂದೇ ದಾರಿ. ‘ಲವಾದೊ’ಗೆ ಸರ್ವನಾಮ ಅಂಟುವುದೇ ಇಲ್ಲ. ‘ಲವಾಂದೊ’ ಮತ್ತು ‘ಲವಾದೊ’ ನೋಡಲು ಅಣ್ಣತಮ್ಮಂದಿರ ಹಾಗಿದ್ದರೂ ಒಂದಕ್ಕೆ ಅಂಟುತ್ತದೆ, ಇನ್ನೊಂದಕ್ಕೆ ಅಂಟುವುದಿಲ್ಲ.

ಆಜ್ಞೆಗಳಲ್ಲಿ ವಿಷಯ ಇನ್ನೂ ಸ್ವಾರಸ್ಯವಾಗುತ್ತದೆ. ‘ಮಲಗು’ ಎಂದರೆ ‘ಅಕ್ವೇಸ್ತತೆ’, ‘ತೆ’ ಹಿಂದೆ ಅಂಟಿತು. ‘ಮಲಗಬೇಡ’ ಎಂದರೆ ‘ನೊ ತೆ ಅಕ್ವೇಸ್ತೆಸ್’, ‘ತೆ’ ಮುಂಚೆ ಬಂದು ಬಿಡಿಯಾಯಿತು. ಗೌರವದಿಂದ ‘ಮಲಗಿ’ ಎಂದರೆ ‘ಅಕ್ವೇಸ್ತೆಸೆ’, ‘ಮಲಗಬೇಡಿ’ ಎಂದರೆ ‘ನೊ ಸೆ ಅಕ್ವೇಸ್ತೆ’. ಮಾಡು ಎಂದಾಗ ಹಿಂದೆ, ಬೇಡ ಎಂದಾಗ ಮುಂದೆ. ಇದಕ್ಕೆ ವಿನಾಯಿತಿ ಇಲ್ಲ.

ಈಗ ಇನ್ನೊಬ್ಬರಿಗೆ ಮಾಡುವ ಆಜ್ಞೆ ಇಟ್ಟು ನೋಡಿ. ‘ಅವನನ್ನು ಮಲಗಿಸು’: ‘ಅಕ್ವೇಸ್ತಲೊ’. ‘ಅವನನ್ನು ಮಲಗಿಸಬೇಡ’: ‘ನೊ ಲೊ ಅಕ್ವೇಸ್ತೆಸ್’. ‘ತೆ’ ನಿಂತ ಜಾಗದಲ್ಲೇ ‘ಲೊ’ ನಿಂತಿದೆ. ಹಾಗೆಯೇ ‘ಕ್ಯೇರೊ ಅಕೊಸ್ತಾರ್ಮೆ’ ಇದ್ದಂತೆ ‘ಕ್ಯೇರೊ ಅಕೊಸ್ತಾರ್ಲೊ’. ಅಂದರೆ ರಿಫ್ಲೆಕ್ಸಿವ್ ಸರ್ವನಾಮಕ್ಕೆಂದೇ ಬೇರೆ ಜಾಗದ ನಿಯಮವಿಲ್ಲ. ‘ಲೊ, ಲಾ, ಲೆ’ ಎಲ್ಲಿ ನಿಲ್ಲುತ್ತವೆಯೋ ಅಲ್ಲೇ ‘ಮೆ, ತೆ, ಸೆ’ ಕೂಡ. ಎರಡೂ ಒಟ್ಟಿಗೆ ಬಂದರೆ ರಿಫ್ಲೆಕ್ಸಿವ್ ಮೊದಲು: ‘ಮೆ ಲಾಸ್ ಲಾವೊ’, ಅವನ್ನು, ಅಂದರೆ ಕೈಗಳನ್ನು, ತೊಳೆದುಕೊಳ್ಳುತ್ತೇನೆ. ಅಂಟಿಸುವಾಗಲೂ ಅದೇ ಸಾಲು: ‘ಲವಾರ್ಮೆಲಾಸ್’.

ಅಂಟಿದಾಗ ಪದ ಉದ್ದವಾಗುತ್ತದೆ, ಆದರೆ ಒತ್ತು ಇದ್ದ ಜಾಗ ಕದಲುವುದಿಲ್ಲ. ‘ಅಕ್ವೇಸ್ತ’ದಲ್ಲಿ ಒತ್ತು ‘ಕ್ವೇ’ ಮೇಲಿದೆ, ‘ಅಕ್ವೇಸ್ತತೆ’ಯಲ್ಲೂ ಅಲ್ಲೇ. ಸ್ವರದಲ್ಲಿ, ಇಲ್ಲವೇ ‘ನ್’ ಅಥವಾ ‘ಸ್’ನಲ್ಲಿ ಮುಗಿಯುವ ಪದದಲ್ಲಿ ಕೊನೆಯಿಂದ ಎರಡನೇ ಜಾಗಕ್ಕೆ ಒತ್ತು ಎಂಬುದು ಸ್ಪ್ಯಾನಿಷ್‌ನ ಸಾಮಾನ್ಯ ಓದು. ‘ತೆ’ ಸೇರಿ ಒತ್ತು ಮೂರನೇ ಜಾಗಕ್ಕೆ ಸರಿದಂತಾಯಿತು. ಅದಕ್ಕೇ ಬರೆಯುವಾಗ ಆ ಸ್ವರದ ಮೇಲೆ ಓರೆ ಗೀಟು ಹಾಕುತ್ತಾರೆ. ‘ಲವಾಂದೊಮೆ’ಗೂ ‘ಲವಾರ್ಮೆಲಾಸ್’ಗೂ ಗೀಟು ಬರುವುದು ಇದೇ ಕಾರಣಕ್ಕೆ. ‘ಅಕೊಸ್ತಾರ್ಮೆ’ಯಲ್ಲಿ ಒತ್ತು ಎರಡನೇ ಜಾಗದಲ್ಲೇ ಇರುವುದರಿಂದ ಗೀಟು ಬೇಡ. ಕೊನೆಯಿಂದ ಎಣಿಸಿದರೆ ಸಾಕು, ಎಲ್ಲಿ ಗೀಟು ಬೇಕು ಎಂದು ಬಾಯಿಪಾಠ ಮಾಡಬೇಕಿಲ್ಲ.

ಕೆಲವು ಅಕ್ಷರಗಳು ಉದುರುವುದೂ ಉಂಟು. ‘ಮಲಗೋಣ’ ಎನ್ನಲು ‘ಅಕೊಸ್ತೇಮೊಸ್’ಗೆ ‘ನೊಸ್’ ಅಂಟಿಸಿದಾಗ ನಡುವಿನ ‘ಸ್’ ಹೋಗಿ ‘ಅಕೊಸ್ತೇಮೊನೊಸ್’ ಆಗುತ್ತದೆ. ಸ್ಪೇನ್‌ನ ‘ಅಕೊಸ್ತಾದ್’ಗೆ ‘ಒಸ್’ ಸೇರಿದಾಗ ‘ದ್’ ಉದುರಿ ‘ಅಕೊಸ್ತಾಒಸ್’. ‘ಈರ್ಸೆ’ಯ ಆಜ್ಞೆ ‘ಈದೊಸ್’ನಲ್ಲಿ ಮಾತ್ರ ‘ದ್’ ಉಳಿಯುತ್ತದೆ. ಆದರೆ ಸ್ಪೇನ್‌ನ ಜನ ಮಾತಿನಲ್ಲಿ ‘ಈರೊಸ್’ ಎನ್ನುತ್ತಲೇ ಬಂದರು. 2017ರಲ್ಲಿ ಸ್ಪೇನ್‌ನ ರಾಯಲ್ ಅಕಾಡೆಮಿ ಅದನ್ನೂ ಸರಿ ಎಂದು ಒಪ್ಪಿಕೊಂಡಿತು.

ಕಥೆ ಓದುವಾಗ ಮಾತ್ರ ಮೇಲಿನ ನಿಯಮ ಮುರಿದಂತೆ ಕಾಣುವ ಒಂದು ಸಾಲು ಸಿಗುತ್ತದೆ. ಮಕ್ಕಳ ಕಥೆಗಳು ‘ಏರಸೆ ಊನ ವೇಸ್’ ಎಂದು ಶುರುವಾಗುತ್ತವೆ, ನಮ್ಮ ‘ಒಂದಾನೊಂದು ಕಾಲದಲ್ಲಿ’ ಇದ್ದಂತೆ. ಅಲ್ಲಿ ‘ಏರ’ ಪ್ರತ್ಯಯ ಹೊತ್ತ ಕ್ರಿಯಾಪದ, ಆದರೂ ‘ಸೆ’ ಹಿಂದೆ ಅಂಟಿದೆ. ಹಳೆಯ ಸ್ಪ್ಯಾನಿಷ್‌ನಲ್ಲಿ ವಾಕ್ಯದ ಮೊಟ್ಟಮೊದಲ ಪದವಾಗಿ ಇಂಥ ಸರ್ವನಾಮ ಬರುತ್ತಿರಲಿಲ್ಲ, ಹಿಂದೆ ಸರಿಯುತ್ತಿತ್ತು. ಕಥೆಯ ಆರಂಭದಲ್ಲಿ ಆ ಹಳೆಯ ರೂಪ ಹಾಗೇ ಉಳಿದುಕೊಂಡಿದೆ. ಓದಿ ಅರ್ಥ ಮಾಡಿಕೊಳ್ಳಿ, ಇವತ್ತಿನ ಮಾತಿನಲ್ಲಿ ಅನುಕರಿಸಬೇಡಿ.

ಅರ್ಜೆಂಟೀನಾದವರ ಜೊತೆ ಚಾಟ್ ಮಾಡುವಾಗ ಸಿಗುವುದು ಇನ್ನೊಂದು ರೂಪ. ಅಲ್ಲಿ ‘ನೀನು’ ಎನ್ನಲು ‘ತೂ’ ಬದಲು ‘ವೊಸ್’ ಬಳಸುತ್ತಾರೆ. ಸರ್ವನಾಮ ‘ತೆ’ಯೇ ಉಳಿಯುತ್ತದೆ, ಕ್ರಿಯಾಪದದ ರೂಪ ಬದಲಾಗುತ್ತದೆ: ‘ವೊಸ್ ತೆ ಅಕೊಸ್ತಾಸ್’. ‘ಮಲಗು’ ಎಂಬ ಆಜ್ಞೆ ‘ಅಕೊಸ್ತಾತೆ’. ಒತ್ತು ಈಗ ‘ಸ್ತಾ’ ಮೇಲೆ, ಕೊನೆಯಿಂದ ಎರಡನೇ ಜಾಗದಲ್ಲಿ. ಆದ್ದರಿಂದ ಗೀಟಿಲ್ಲದೆ ಬರೆಯುತ್ತಾರೆ, ಅದು ಟೈಪಿಂಗ್ ತಪ್ಪಲ್ಲ. ‘ಮಲಗಬೇಡ’ ಎನ್ನುವಾಗ ಮಾತ್ರ ಅವರದೂ ಹೆಚ್ಚಾಗಿ ‘ನೊ ತೆ ಅಕ್ವೇಸ್ತೆಸ್’, ಮ್ಯಾಡ್ರಿಡ್‌ನವರು ಹೇಳುವ ಹಾಗೆಯೇ.